ಒಪ್ಪಂದ ಮುರಿದಾಗ ಹಣ ಕೊಡುವವರು ಯಾರು?

ನಗರಗಳ ನೀರು, ಕಸ, ಮೆಟ್ರೊ, ಮೇಲ್ಸೇತುವೆ, ಬಸ್ ನಿಲ್ದಾಣ ಯಾವುದರ ಮಾತು ಬಂದರೂ ಬಜೆಟ್ ಭಾಷಣಗಳಲ್ಲಿ ಒಂದು ವಾಕ್ಯ ತಪ್ಪದೆ ಕೇಳಿಸುತ್ತದೆ: 'ಈ ಯೋಜನೆಯನ್ನು ಸಾರ್ವಜನಿಕ-ಖಾಸಗಿ ಸಹಭಾಗಿತ್ವದಲ್ಲಿ ಕೈಗೊಳ್ಳಲಾಗುವುದು, ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗದು.' ಇದನ್ನು ನಂಬುವವರು ದಡ್ಡರೂ ಅಲ್ಲ, ಖಾಸಗಿಯವರ ಏಜೆಂಟರೂ ಅಲ್ಲ. ಅವರ ವಾದಕ್ಕೆ ಗಟ್ಟಿಯಾದ ತಳಹದಿ ಇದೆ. ನಮ್ಮ ಪಾಲಿಕೆಗಳ ಹತ್ತಿರ ದುಡ್ಡಿಲ್ಲ. ಇದ್ದ ದುಡ್ಡಿನಲ್ಲಿ ಶುರುವಾದ ಕಾಮಗಾರಿ ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಮುಗಿದ ಉದಾಹರಣೆಗಳು ಕಡಿಮೆ. ತಡವಾದರೆ ಯಾರ ಕೈಯಿಂದಲೂ ಹಣ ಹೋಗುವುದಿಲ್ಲವಾದ್ದರಿಂದ ತಡ ಮಾಡದಿರಲು ಯಾರಿಗೂ ಕಾರಣವಿಲ್ಲ. ಖಾಸಗಿ ಕಂಪನಿ ತನ್ನ ದುಡ್ಡು ಹಾಕಿದರೆ ಒಂದೊಂದು ದಿನದ ವಿಳಂಬವೂ ಅದಕ್ಕೆ ಬಡ್ಡಿಯಾಗಿ ಚುಚ್ಚುತ್ತದೆ. ಆಗ ಕೆಲಸ ಬೇಗ ಮುಗಿಯುತ್ತದೆ, ನಷ್ಟವಾದರೆ ಕಂಪನಿಗೆ ಆಗುತ್ತದೆ, ನಾಗರಿಕರಿಗೆ ಸೇವೆ ಸಿಗುತ್ತದೆ. ವಾದ ಹೀಗಿದೆ.

ಇದಕ್ಕೆ ಎದುರಾಗಿ ಇನ್ನೊಂದು ವಾದವೂ ಅಷ್ಟೇ ಗಟ್ಟಿ ದನಿಯಲ್ಲಿ ಕೇಳಿಬರುತ್ತದೆ. ಸಹಭಾಗಿತ್ವ ಎಂಬುದೇ ಲೂಟಿ, ಲಾಭ ಅವರಿಗೆ, ನಷ್ಟ ನಮಗೆ ಎಂಬುದು ಆ ವಾದ. ಇವೆರಡೂ ಒಂದೇ ತಪ್ಪಿನ ಮೇಲೆ ನಿಂತಿವೆ ಎಂಬುದು ನನ್ನ ಅಭಿಪ್ರಾಯ. ರಿಸ್ಕ್ ಎಂಬುದು ಒಂದೇ ಗಂಟು, ಅದನ್ನು ಇಡಿಯಾಗಿ ಈ ಕೈಯಿಂದ ಆ ಕೈಗೆ ದಾಟಿಸಬಹುದು ಎಂದು ಎರಡೂ ಕಡೆಯವರು ಎಣಿಸುತ್ತಾರೆ. ಅದು ದಾಟಿದೆ ಎಂದು ಒಬ್ಬರು, ದಾಟಿಲ್ಲ ಎಂದು ಇನ್ನೊಬ್ಬರು. ವಾಸ್ತವದಲ್ಲಿ ಅದು ಒಂದು ಗಂಟಲ್ಲ. ಅದರ ಬೇರೆ ಬೇರೆ ಭಾಗಗಳಲ್ಲಿ ಯಾವುದು ಯಾರ ತಲೆಗೆ ಬಂದಿದೆ ಎಂಬುದು ಉದ್ಘಾಟನೆಯ ದಿನ ತಿಳಿಯುವುದಿಲ್ಲ. ಒಪ್ಪಂದ ಮುರಿದುಬೀಳುವ ದಿನ ತಿಳಿಯುತ್ತದೆ.

ಮೊದಲು ದುಡ್ಡಿನ ವಾದವನ್ನು ಪಕ್ಕಕ್ಕಿಡೋಣ, ಏಕೆಂದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಖಾಸಗಿ ಕಂಪನಿ ತರುವ ಹಣ ದಾನವಲ್ಲ. ಅದರಲ್ಲಿ ಬಹುಪಾಲು ಬ್ಯಾಂಕಿನ ಸಾಲ, ಉಳಿದದ್ದು ಮಾಲೀಕರ ಬಂಡವಾಳ. ಎರಡನ್ನೂ ಕೊನೆಗೆ ತೀರಿಸುವವರು ಟಿಕೆಟ್ ಕೊಳ್ಳುವವರು, ಟೋಲ್ ಕಟ್ಟುವವರು, ಇಲ್ಲವೇ ತೆರಿಗೆ ಕಟ್ಟುವವರು. ನಾಲ್ಕನೆಯವರು ಯಾರೂ ಇಲ್ಲ. ಇನ್ನು ಸಾಲದ ದರ. ಸರ್ಕಾರಕ್ಕೆ ಸಿಗುವ ಬಡ್ಡಿದರದಲ್ಲಿ ಯಾವ ಕಂಪನಿಗೂ ಸಾಲ ಸಿಗದು. ಮಾಲೀಕರು ತಮ್ಮ ಬಂಡವಾಳಕ್ಕೆ ಬಯಸುವ ಪ್ರತಿಫಲ ಅದಕ್ಕಿಂತಲೂ ಜಾಸ್ತಿ. ಅಂದಮೇಲೆ ಹಣಕ್ಕಾಗಿಯೇ ಖಾಸಗಿಯವರ ಬಳಿ ಹೋಗುವುದೆಂದರೆ ದುಬಾರಿ ಸಾಲಕ್ಕೆ ಕೈಯೊಡ್ಡಿದಂತೆ. ಈ ಹೆಚ್ಚುವರಿ ಬೆಲೆಯನ್ನು ಸಮರ್ಥಿಸಲು ಒಂದೇ ದಾರಿ ಇದೆ. ಇದರಲ್ಲಿ ಬರಬಹುದಾದ ನಷ್ಟವನ್ನು ಕಂಪನಿ ಹೊರುತ್ತದೆ, ಹೊರುವುದರಿಂದಲೇ ಎಚ್ಚರದಿಂದ ಕೆಲಸ ಮಾಡುತ್ತದೆ, ಆ ಎಚ್ಚರದ ಉಳಿತಾಯ ದುಬಾರಿ ಬಡ್ಡಿಗಿಂತ ದೊಡ್ಡದು ಎಂದು ತೋರಿಸಬೇಕು. ಸಹಭಾಗಿತ್ವದ ಪೂರಾ ಸಮರ್ಥನೆ ಈ ಒಂದು ಕಂಬದ ಮೇಲೆ ನಿಂತಿದೆ. ನಷ್ಟ ನಿಜವಾಗಿ ದಾಟದಿದ್ದರೆ, ಹೊರದ ಹೊರೆಗೆ ನಾವು ಕೂಲಿ ಕೊಟ್ಟಂತಾಗುತ್ತದೆ.

ಹಾಗಾದರೆ ದಾಟಬೇಕಾದದ್ದು ಏನು? ವಿವರಕ್ಕೆ ಇಳಿದರೆ ಪಟ್ಟಿ ಉದ್ದವಾಗುತ್ತದೆ, ಆದರೆ ನಗರ ಸೇವೆಗಳ ಮಟ್ಟಿಗೆ ಮೂರನ್ನು ಬೇರ್ಪಡಿಸಿಕೊಂಡರೆ ಸಾಕು.

1. ಕಟ್ಟುವ ರಿಸ್ಕ್. ಕಾಮಗಾರಿ ತಡವಾಗುವುದು, ಖರ್ಚು ಏರುವುದು, ಕಟ್ಟಿದ್ದರಲ್ಲಿ ದೋಷ ಉಳಿಯುವುದು. ಗುತ್ತಿಗೆದಾರನ ಕೈಯಲ್ಲೇ ಇರುವ ವಿಷಯಗಳಿವು. ಆದ್ದರಿಂದ ಹೊಣೆಯೂ ಅವನದಾಗಬೇಕು.

2. ಬೇಡಿಕೆಯ ರಿಸ್ಕ್. ಎಷ್ಟು ಜನ ಹತ್ತುತ್ತಾರೆ, ಎಷ್ಟು ವಾಹನ ಬರುತ್ತದೆ, ಎಷ್ಟು ನೀರು ಮಾರಾಟವಾಗುತ್ತದೆ. ಇದು ಕಂಪನಿಯ ಜಾಣತನಕ್ಕಿಂತ ನಗರದ ಬೆಳವಣಿಗೆ, ಪಕ್ಕದ ರಸ್ತೆ, ಸರ್ಕಾರ ನಿಗದಿ ಮಾಡುವ ದರ ಇವುಗಳ ಮೇಲೆ ನಿಂತದ್ದು.

3. ಕೈಬಿಡುವ ರಿಸ್ಕ್. ಕಂಪನಿ ಒಪ್ಪಂದವನ್ನೇ ಬಿಟ್ಟು ಹೊರಟರೆ ಸೇವೆ ನಡೆಸುವವರು ಯಾರು, ಉಳಿದ ಸಾಲ ತೀರಿಸುವವರು ಯಾರು?

ಮೊದಲ ಎರಡರ ಬಗ್ಗೆ ಟೆಂಡರ್ ದಾಖಲೆಗಳಲ್ಲಿ ಪುಟಗಟ್ಟಲೆ ಬರೆದಿರುತ್ತಾರೆ. ಮೂರನೆಯದು ಒಪ್ಪಂದದ ಕೊನೆಯ ಅಧ್ಯಾಯಗಳಲ್ಲಿ ಕೆಲವು ಸಾಲುಗಳಲ್ಲಿ ಬಂದು ಹೋಗುತ್ತದೆ. ಆದರೆ ಮೊದಲೆರಡು ರಿಸ್ಕ್‌ಗಳು ದಾಟಿವೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಆ ಕೆಲವು ಸಾಲುಗಳೇ. ಇದನ್ನು ದೆಹಲಿಯ ವಿಮಾನ ನಿಲ್ದಾಣ ಮೆಟ್ರೊ ಮಾರ್ಗದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ನವದೆಹಲಿ ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣದ ಮೂಲಕ ದ್ವಾರಕಾ ಸೆಕ್ಟರ್ 21ರವರೆಗೆ ಸುಮಾರು 23 ಕಿ.ಮೀ. ಉದ್ದದ ಮಾರ್ಗ ಅದು. 2008ರ ಆಗಸ್ಟ್‌ನಲ್ಲಿ ದೆಹಲಿ ಮೆಟ್ರೊ ನಿಗಮ ಮತ್ತು ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ನೇತೃತ್ವದ ಕಂಪನಿಯ ನಡುವೆ 30 ವರ್ಷದ ಒಪ್ಪಂದವಾಯಿತು. ಸುರಂಗ, ಕಂಬ, ತೊಲೆಗಳ ಸಿವಿಲ್ ಕೆಲಸ ನಿಗಮದ್ದು. ಹಳಿ, ವಿದ್ಯುತ್, ಸಿಗ್ನಲ್, ರೈಲು, ಓಡಿಸುವ ಕೆಲಸ ಕಂಪನಿಯದ್ದು. ಟಿಕೆಟ್ ಹಣ ಕಂಪನಿಗೆ, ಅದಕ್ಕೆ ಪ್ರತಿಯಾಗಿ ಕಂಪನಿ ನಿಗಮಕ್ಕೆ ವರ್ಷಕ್ಕೆ 51 ಕೋಟಿ ರೂಪಾಯಿ ಶುಲ್ಕ ಕೊಡಬೇಕು, ಅದು ವರ್ಷವರ್ಷ ಶೇ 5ರಷ್ಟು ಏರಬೇಕು, ಜೊತೆಗೆ ಆದಾಯದಲ್ಲಿ ಒಂದು ಸಣ್ಣ ಪಾಲನ್ನೂ ಕೊಡಬೇಕು. ಕಾಗದದ ಮೇಲೆ ಇದು ಆದರ್ಶ ಹಂಚಿಕೆ. ಸಾರ್ವಜನಿಕ ಸಂಸ್ಥೆ ಹಣ ಕೊಡುವುದಿರಲಿ, ಎದುರಿನಿಂದ ಹಣ ಪಡೆಯುತ್ತದೆ. ಬೇಡಿಕೆಯ ರಿಸ್ಕ್ ಪೂರ್ತಿ ಖಾಸಗಿಯವರದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಮಾರ್ಗ ಸಿದ್ಧವಾಗಬೇಕಿತ್ತು. ಆಗಲಿಲ್ಲ. ರೈಲು ಓಡಿದ್ದು 2011ರ ಫೆಬ್ರುವರಿಯಲ್ಲಿ.

ಓಡಿದ ಮೇಲೆ ಎರಡು ತೊಂದರೆ ಎದುರಾದವು. ಒಂದು, ನಿರೀಕ್ಷಿಸಿದಷ್ಟು ಜನ ಹತ್ತಲಿಲ್ಲ. ಟಿಕೆಟ್ ದರ ನಗರದ ಉಳಿದ ಮೆಟ್ರೊಗಿಂತ ಬಹಳ ಹೆಚ್ಚಿತ್ತು. ದಾರಿಯಲ್ಲಿ ಎದ್ದು ನಿಲ್ಲಬೇಕಿದ್ದ ಏರೋಸಿಟಿಯ ಹೋಟೆಲುಗಳು ಭದ್ರತೆಯ ಆಕ್ಷೇಪಗಳಿಂದಾಗಿ ತೆರೆಯುವುದೇ ತಡವಾಯಿತು. ಈ ಎರಡನೆಯ ಕಾರಣ ರೈಲು ಕಂಪನಿಯ ಕೈಯಲ್ಲಿ ಇರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಇನ್ನೊಂದು ತೊಂದರೆ ತಾಂತ್ರಿಕ. ಎತ್ತರಿಸಿದ ಮಾರ್ಗದಲ್ಲಿ ಕಂಬ ಮತ್ತು ತೊಲೆಯ ನಡುವೆ ಬೇರಿಂಗ್ ಎಂಬ ಒತ್ತುದಿಂಬಿನಂಥ ಭಾಗ ಇರುತ್ತದೆ. ರೈಲಿನ ತೂಕ, ಬಿಸಿಲಿಗೆ ತೊಲೆ ಹಿಗ್ಗಿ ಕುಗ್ಗುವ ಚಲನೆ ಇವೆಲ್ಲವನ್ನೂ ಅದು ತಾಳಿಕೊಳ್ಳುತ್ತದೆ. ಆ ಬೇರಿಂಗ್‌ಗಳು ಜಾರಿದ್ದವು, ತೊಲೆಗಳಲ್ಲಿ ಬಿರುಕುಗಳಿದ್ದವು. ಅವು ನಿಗಮ ಕಟ್ಟಿಕೊಟ್ಟ ಭಾಗಗಳು. 2012ರ ಜುಲೈ 8ರಂದು ಕಂಪನಿ ರೈಲು ನಿಲ್ಲಿಸಿತು. ಮರುದಿನವೇ ನಿಗಮಕ್ಕೆ ದೋಷಗಳ ಪಟ್ಟಿ ಕಳಿಸಿ, 90 ದಿನದಲ್ಲಿ ಸರಿಪಡಿಸಿ ಎಂದು ನೋಟಿಸು ಕೊಟ್ಟಿತು. ಗಡುವು ಮುಗಿದೊಡನೆ, ಅಕ್ಟೋಬರ್ 8ರಂದು, ಒಪ್ಪಂದ ರದ್ದು ಮಾಡುವ ನೋಟಿಸು ಹೋಯಿತು. ನಿಗಮದ ವಾದ ಬೇರೆ: ದುರಸ್ತಿ ನಡೆಯುತ್ತಿದೆ, ಕಂಪನಿ ನಷ್ಟದಿಂದ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದೆ. ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ಅನುಮತಿ ಸಿಕ್ಕ ಬಳಿಕ 2013ರ ಜನವರಿಯಲ್ಲಿ ಕಡಿಮೆ ವೇಗದಲ್ಲಿ ರೈಲು ಮತ್ತೆ ಓಡಿತು. ಆದರೆ ಕಂಪನಿ ಉಳಿಯಲಿಲ್ಲ. 2013ರ ಜುಲೈ 1ರಿಂದ ನಿಗಮವೇ ಮಾರ್ಗವನ್ನು ನಡೆಸುತ್ತಿದೆ.

ಇಲ್ಲಿಂದ ಮುಂದಿನದು ಒಪ್ಪಂದದ ಕೊನೆಯ ಅಧ್ಯಾಯದ ಕಥೆ. ಕಂಪನಿಯ ತಪ್ಪಿನಿಂದ ಒಪ್ಪಂದ ರದ್ದಾದರೆ ನಿಗಮವು ಬಾಕಿ ಸಾಲದ ಶೇ 80ರಷ್ಟನ್ನು ಕೊಡಬೇಕು ಎಂದು ಅದರಲ್ಲಿತ್ತು. ನಿಗಮದ ತಪ್ಪಿನಿಂದ ರದ್ದಾದರೆ ಪೂರ್ತಿ ಸಾಲ, ಅದರ ಮೇಲೆ ಮಾಲೀಕರ ಬಂಡವಾಳದ ಶೇ 130ರಷ್ಟು ಕೊಡಬೇಕು ಎಂದಿತ್ತು. ತಪ್ಪು ಯಾರದೇ ಆಗಲಿ, ಹಣ ಕೊಡುವುದು ನಿಗಮ. ಬದಲಾಗುವುದು ಮೊತ್ತ ಮಾತ್ರ. ಲೆಕ್ಕ ಸುಲಭವಾಗಲಿ ಎಂದು 100 ರೂಪಾಯಿಯ ಯೋಜನೆ, ಅದರಲ್ಲಿ 70 ಸಾಲ, 30 ಬಂಡವಾಳ ಎಂದುಕೊಳ್ಳೋಣ. ಕಂಪನಿಯ ತಪ್ಪೆಂದಾದರೆ ನಿಗಮ ಕೊಡಬೇಕಾದದ್ದು 56. ಬ್ಯಾಂಕಿಗೆ 14 ನಷ್ಟ, ಮಾಲೀಕರಿಗೆ 30 ಪೂರಾ ನಷ್ಟ. ನಿಗಮದ ತಪ್ಪೆಂದಾದರೆ ಕೊಡಬೇಕಾದದ್ದು 109. ಬ್ಯಾಂಕಿಗೆ ಒಂದು ಪೈಸೆಯೂ ನಷ್ಟವಿಲ್ಲ, ಮಾಲೀಕರಿಗೆ ಹಾಕಿದ 30ಕ್ಕೆ 39 ವಾಪಸ್. ಪ್ರಯಾಣಿಕರಿಲ್ಲದೆ ದಿನವೂ ನಷ್ಟ ಅನುಭವಿಸುತ್ತಿರುವ ಮಾಲೀಕನನ್ನು ಈ ಎರಡು ಅಂಕಿಗಳ ಮುಂದೆ ನಿಲ್ಲಿಸಿ ನೋಡಿ. ರೈಲು ಓಡಿಸಿ ಬರುವುದು ನಷ್ಟ. ಎದುರು ಪಕ್ಷದ ತಪ್ಪಿನಿಂದ ಒಪ್ಪಂದ ಮುರಿಯಿತೆಂದು ಸಾಬೀತಾದರೆ ಬರುವುದು ಲಾಭ. ಕಂಪನಿಯ ಉದ್ದೇಶ ಕೆಟ್ಟದ್ದಿತ್ತು ಎಂದು ನಾನು ಹೇಳುತ್ತಿಲ್ಲ, ಬಿರುಕುಗಳು ನಿಜವೇ ಆಗಿದ್ದವು. ಆದರೆ ಸಾಧಾರಣ ವ್ಯಾಪಾರಿಯೂ ಬಿರುಕಿನಲ್ಲಿ ದುರಸ್ತಿಯ ಕೆಲಸಕ್ಕಿಂತ ಮೊದಲು ವ್ಯಾಜ್ಯವನ್ನು ಕಾಣುವಂತೆ ಈ ಕಲಮು ಮಾಡುತ್ತದೆ. ಬೇಡಿಕೆಯ ರಿಸ್ಕ್ ಪೂರ್ತಿ ಖಾಸಗಿಯವರದು ಎಂದು ಮುನ್ನುಡಿಯಲ್ಲಿ ಬರೆದದ್ದನ್ನು ಕೊನೆಯ ಅಧ್ಯಾಯ ಸದ್ದಿಲ್ಲದೆ ವಾಪಸ್ ತೆಗೆದುಕೊಂಡಿತ್ತು.

ವ್ಯಾಜ್ಯ ಹನ್ನೊಂದು ವರ್ಷ ಎಳೆಯಿತು. 2017ರ ಮೇ ತಿಂಗಳಲ್ಲಿ ಮಧ್ಯಸ್ಥಿಕೆ ಮಂಡಳಿ ಕಂಪನಿಯ ಪರ ನಿಂತು, ಸುಮಾರು 2,782 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಬೇಕೆಂದಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2018ರಲ್ಲಿ ಅದನ್ನು ಎತ್ತಿಹಿಡಿಯಿತು, 2019ರಲ್ಲಿ ವಿಭಾಗೀಯ ಪೀಠ ತಳ್ಳಿಹಾಕಿತು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಂಪನಿಯ ಪರ ತೀರ್ಪು ಕೊಟ್ಟಿತು, ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು. ಕೊನೆಗೆ 2024ರ ಏಪ್ರಿಲ್ 10ರಂದು, ಬಹಳ ಅಪರೂಪಕ್ಕೆ ಬಳಸುವ ಕ್ಯುರೇಟಿವ್ ಅರ್ಜಿಯಲ್ಲಿ, ಅದೇ ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನೇ ಬದಿಗಿಟ್ಟು ಮಂಡಳಿಯ ಆದೇಶವನ್ನು ರದ್ದುಪಡಿಸಿತು. ಸುರಕ್ಷತಾ ಆಯುಕ್ತರ ಪ್ರಮಾಣಪತ್ರದಂಥ ಮುಖ್ಯ ಸಾಕ್ಷ್ಯವನ್ನು ಮಂಡಳಿ ಕಡೆಗಣಿಸಿತು, ದೋಷ ನಿವಾರಣೆಗೆ 'ಪರಿಣಾಮಕಾರಿ ಕ್ರಮ' ಆರಂಭಿಸಿದರೂ ಸಾಕೆಂಬ ಕಲಮಿನ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದಿತು. ಅಷ್ಟು ಹೊತ್ತಿಗೆ ಬಡ್ಡಿ ಸೇರಿ ಬೇಡಿಕೆಯ ಮೊತ್ತ ಸುಮಾರು 8,000 ಕೋಟಿ ಮುಟ್ಟಿತ್ತು. ನಿಗಮ ಅಂತಿಮವಾಗಿ ಗೆದ್ದಿತು, ಹಾಗಾಗಿ ವ್ಯವಸ್ಥೆ ಕೆಲಸ ಮಾಡಿತು ಎಂದು ಕೆಲವರು ಹೇಳಬಹುದು. ನಾನು ಹಾಗೆ ಓದಲಾರೆ. ಒಂದೇ ಸಾಕ್ಷ್ಯ, ಒಂದೇ ಕಲಮು ಹಿಡಿದು ಐದು ಹಂತಗಳಲ್ಲಿ ಕಾನೂನು ಪಂಡಿತರೇ ಎರಡು ದಿಕ್ಕಿಗೆ ಹೋದರು. ಅಂದಮೇಲೆ 'ನಷ್ಟ ಯಾರದು' ಎಂಬ ಪ್ರಶ್ನೆಗೆ ಆ ಒಪ್ಪಂದದಲ್ಲಿ ಉತ್ತರವೇ ಇರಲಿಲ್ಲ ಎಂದಾಯಿತು. ಒಪ್ಪಂದ ರಿಸ್ಕ್ ಹಂಚಿರಲಿಲ್ಲ, ಹಂಚುವ ಕೆಲಸವನ್ನು ನ್ಯಾಯಾಲಯಕ್ಕೆ ಮುಂದೂಡಿತ್ತು.

2013ರಲ್ಲಿ ಮತ್ತೆ ಓಡಿದ ಮೇಲೆ, ವ್ಯಾಜ್ಯದ ಈ ಎಲ್ಲ ವರ್ಷಗಳಲ್ಲಿ ಆ ರೈಲು ನಿಂತಿರಲಿಲ್ಲ ಎಂಬುದನ್ನೂ ನೋಡಬೇಕು. ನಿಗಮ ಟಿಕೆಟ್ ದರ ಇಳಿಸಿತು, ಪ್ರಯಾಣಿಕರು ಹೆಚ್ಚಿದರು. ಮಾಲಿನ ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಗರದ ಮೆಟ್ರೊ, ಕೊಳಾಯಿ, ಕಸದ ಲಾರಿಗೆ ಪಕ್ಕದ ಅಂಗಡಿ ಇಲ್ಲ. ಕಂಪನಿ ಹೋದ ಮರುದಿನವೂ ಸೇವೆ ನಡೆಯಲೇಬೇಕು, ನಡೆಸುವವರು ಸರ್ಕಾರವೇ. ಈ ಕಟ್ಟಕಡೆಯ ಹೊಣೆಯನ್ನು ಯಾವ ಒಪ್ಪಂದವೂ ದಾಟಿಸಲಾರದು. ಇದು ಎರಡೂ ಪಕ್ಷಗಳಿಗೆ ಮೊದಲ ದಿನದಿಂದ ಗೊತ್ತಿರುತ್ತದೆ, ಬ್ಯಾಂಕಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇದು ಒಂದು ಕೆಟ್ಟ ಒಪ್ಪಂದದ ಕಥೆ, ಅದರಿಂದ ಇಡೀ ಪದ್ಧತಿಯ ಬಗ್ಗೆ ತೀರ್ಮಾನ ಮಾಡಬಾರದು ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪ. ಆದ್ದರಿಂದ ಹೆಚ್ಚು ಎಚ್ಚರದಿಂದ ಬರೆದ, ಬೇಡಿಕೆಯ ರಿಸ್ಕ್ ಖಾಸಗಿಯವರ ಮೇಲೆ ಹೇರದ ಇನ್ನೊಂದು ಒಪ್ಪಂದವನ್ನು ನೋಡೋಣ. ಲಂಡನ್ನಿನ ಭೂಗತ ರೈಲಿನ ಹಳಿ, ಸುರಂಗ, ನಿಲ್ದಾಣಗಳನ್ನು ನವೀಕರಿಸಿ 30 ವರ್ಷ ನಿರ್ವಹಿಸುವ ಕೆಲಸವನ್ನು 2003ರ ಹೊತ್ತಿಗೆ ಖಾಸಗಿ ಕೂಟಗಳಿಗೆ ಕೊಡಲಾಯಿತು. ರೈಲು ಓಡಿಸುವುದು, ಟಿಕೆಟ್ ಹಣ ಸಂಗ್ರಹಿಸುವುದು ಸಾರ್ವಜನಿಕ ಸಂಸ್ಥೆಯಲ್ಲೇ ಉಳಿಯಿತು. ವಿವಾದ ತೀರ್ಮಾನಿಸಲು ಪ್ರತ್ಯೇಕ ಮಧ್ಯಸ್ಥನೂ ಇದ್ದ. ಜಾಲದ ಮೂರನೇ ಎರಡು ಪಾಲು ಮೆಟ್ರೊನೆಟ್ ಎಂಬ ಕೂಟಕ್ಕೆ ಹೋಯಿತು. ಅದರ ಐದು ಮಾಲೀಕ ಕಂಪನಿಗಳು ತಲಾ ಐದನೇ ಒಂದು ಪಾಲು ಹೊಂದಿದ್ದವು. ಇಲ್ಲಿ ಖಾಸಗಿಯವರ ಮೇಲೆ ಇದ್ದದ್ದು ಕಟ್ಟುವ ರಿಸ್ಕ್ ಮಾತ್ರ, ಅಂದರೆ ನಾವು ನ್ಯಾಯವಾಗಿ ಅವರ ಮೇಲಿರಬೇಕು ಎಂದದ್ದೇ.

ಆದರೂ ಮೆಟ್ರೊನೆಟ್ ನಾಲ್ಕೇ ವರ್ಷದಲ್ಲಿ ಕುಸಿಯಿತು. ಕಾರಣ ಅದರ ಒಳಗೇ ಇತ್ತು. ಮಾಲೀಕ ಕಂಪನಿಗಳೇ ಅದರ ಗುತ್ತಿಗೆದಾರರೂ ಆಗಿದ್ದವು. ನವೀಕರಣದ ಕೆಲಸದ ದೊಡ್ಡ ಪಾಲು, ಸ್ಪರ್ಧೆಯಿಲ್ಲದೆ, ಅವರಿಗೇ ಹೋಗುತ್ತಿತ್ತು. ಖರ್ಚು ಏರಿದರೆ ಮಾಲೀಕನಾಗಿ ಆಗುವ ನಷ್ಟಕ್ಕಿಂತ ಗುತ್ತಿಗೆದಾರನಾಗಿ ಆಗುವ ಸಂಪಾದನೆ ಹತ್ತಿರದ್ದು, ಖಚಿತವಾದದ್ದು. ಬಿಗಿ ಹಿಡಿಯಬೇಕಾದ ಕೈಯೇ ಬಿಲ್ಲು ಬರೆಯುತ್ತಿತ್ತು. ಖರ್ಚು ಮಿತಿ ಮೀರಿದಾಗ ಮೆಟ್ರೊನೆಟ್ ಮಧ್ಯಸ್ಥನ ಮುಂದೆ 551 ಮಿಲಿಯನ್ ಪೌಂಡ್ ಹೆಚ್ಚುವರಿ ಕೇಳಿತು, ಆತ ಮಧ್ಯಂತರವಾಗಿ ಒಪ್ಪಿದ್ದು 121 ಮಿಲಿಯನ್. 2007ರ ಜುಲೈ 18ರಂದು ಕೂಟ ದಿವಾಳಿ ಆಡಳಿತಕ್ಕೆ ಒಳಗಾಯಿತು. ಐದು ಮಾಲೀಕರು ಕಳೆದುಕೊಂಡದ್ದು ತಲಾ 70 ಮಿಲಿಯನ್, ಒಟ್ಟು 350 ಮಿಲಿಯನ್ ಪೌಂಡ್. ಸಾಲದ ಗತಿ? ಲಂಡನ್ ಸಾರಿಗೆ ಸಂಸ್ಥೆ ಅದರ ಶೇ 95ರಷ್ಟಕ್ಕೆ ಮೊದಲೇ ಖಾತರಿ ಕೊಟ್ಟಿತ್ತು. ಅದನ್ನು ತೀರಿಸಲು ಸರ್ಕಾರ 1,700 ಮಿಲಿಯನ್ ಪೌಂಡ್ ಕೊಟ್ಟಿತು. ಶೇ 95ರಷ್ಟು ಹಣ ಹೇಗೂ ಬರುವುದೆಂದು ತಿಳಿದ ಬ್ಯಾಂಕು ಕಾಮಗಾರಿಯ ಲೆಕ್ಕವನ್ನು ಯಾಕೆ ಕೆದಕಿ ನೋಡೀತು? ಖಾಸಗಿ ಸಾಲ ತರುವುದರ ಒಂದು ಲಾಭವೆಂದು ಹೇಳಲಾಗುತ್ತಿದ್ದ ಬ್ಯಾಂಕಿನ ಕಾವಲು ಹೀಗೆ ಇಲ್ಲವಾಯಿತು. ಬ್ಯಾಂಕಿನ ಬಡ್ಡಿಯನ್ನು ಮಾತ್ರ ಖಾಸಗಿ ದರದಲ್ಲೇ ಕೊಡಲಾಗಿತ್ತು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ತೆರಿಗೆದಾರರಿಗಾದ ನೇರ ನಷ್ಟವನ್ನು 170ರಿಂದ 410 ಮಿಲಿಯನ್ ಪೌಂಡ್ ಎಂದು ಅಂದಾಜಿಸಿತು. ದೆಹಲಿ ಮತ್ತು ಲಂಡನ್ ಎರಡೂ ಕಡೆ ರಿಸ್ಕ್ ಹಂಚಿಕೆಯ ಬಗೆ ಬೇರೆ ಬೇರೆ. ಕೊನೆಯ ಅಧ್ಯಾಯ ಮಾತ್ರ ಒಂದೇ.

ಹಾಗಾದರೆ ಎಲ್ಲವನ್ನೂ ಸರ್ಕಾರವೇ ಮಾಡಲಿ ಎನ್ನಬೇಕೇ? ಆ ತೀರ್ಮಾನವೂ ಅವಸರದ್ದು. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಆಯ್ದ ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ನಡೆದ ನೀರಿನ ಯೋಜನೆಯನ್ನು ನೋಡಬಹುದು. ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಕಡೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಅಲ್ಲಿ ಕೆಲಸ ಮಾಡಿದ್ದು ಫ್ರಾನ್ಸಿನ ವಿಯೋಲಿಯಾ ಕಂಪನಿ. ಆದರೆ ಒಪ್ಪಂದ 30 ವರ್ಷದ್ದಲ್ಲ, ನಾಲ್ಕು ವರ್ಷಕ್ಕೂ ಕಡಿಮೆಯದು. ಪೈಪು, ಮೀಟರಿಗೆ ಹಾಕಿದ್ದು ಸಾರ್ವಜನಿಕ ಹಣ. ನೀರಿನ ದರ ನಿಗದಿ ಮಾಡುವ ಅಧಿಕಾರ ಸರ್ಕಾರದ್ದೇ, ವಸೂಲಾದ ಹಣವೂ ಸಾರ್ವಜನಿಕ ಖಾತೆಗೇ. ಕಂಪನಿಗೆ ಸಿಗುತ್ತಿದ್ದ ಶುಲ್ಕದಲ್ಲಿ ಒಂದು ಭಾಗ ಖಚಿತ, ಇನ್ನೊಂದು ಭಾಗ ಗುರಿ ಮುಟ್ಟಿದರೆ ಮಾತ್ರ. ಗುರಿಗಳೆಲ್ಲ ಅಳೆಯಬಲ್ಲವು: ನೀರು ಸತತವಾಗಿ ಒತ್ತಡದಿಂದ ಬರುತ್ತಿದೆಯೇ, ಸೋರಿಕೆ ಇಳಿಯಿತೇ, ದೂರಿಗೆ ಎಷ್ಟು ಹೊತ್ತಿನಲ್ಲಿ ಜನ ಬಂದರು.

ಇದು ಯಾಕೆ ಫಲಿಸಿತು ಎಂಬುದನ್ನು ನಲ್ಲಿಯ ಮಟ್ಟಕ್ಕೆ ಇಳಿದು ನೋಡಬೇಕು. ಬಿಟ್ಟು ಬಿಟ್ಟು ನೀರು ಬಿಡುವ ಊರಿನಲ್ಲಿ ಸೋರಿಕೆ ಎಲ್ಲಿದೆ ಎಂದು ಪತ್ತೆ ಮಾಡುವುದೇ ಕಷ್ಟ, ಏಕೆಂದರೆ ಹೆಚ್ಚಿನ ಸಮಯ ಪೈಪು ಖಾಲಿ. ಖಾಲಿ ಪೈಪು ಸುತ್ತಲಿನ ಕೊಳೆಯನ್ನು ಬಿರುಕಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಪ್ರದೇಶವನ್ನು ಸಣ್ಣ ಸಣ್ಣ ವಲಯಗಳಾಗಿ ಒಡೆದು, ಪ್ರತಿ ವಲಯಕ್ಕೆ ಎಷ್ಟು ನೀರು ಹೋಯಿತು, ಮನೆಗಳ ಮೀಟರಿನಲ್ಲಿ ಎಷ್ಟು ದಾಖಲಾಯಿತು ಎಂದು ತಾಳೆ ನೋಡಿದರೆ ವ್ಯತ್ಯಾಸವೇ ಸೋರಿಕೆ. ಅದರ ಬಹುಪಾಲು ದೊಡ್ಡ ಕೊಳವೆಯಲ್ಲಿ ಇರುವುದಿಲ್ಲ, ಅಲ್ಲಿಂದ ಮನೆಗೆ ಬರುವ ಸಣ್ಣ ಸಂಪರ್ಕದ ಜೋಡಣೆಗಳಲ್ಲಿ ಇರುತ್ತದೆ. ಅದನ್ನು ಬದಲಿಸುವುದು, ಕಾಯುವುದು, ರಾತ್ರಿ ಹರಿವನ್ನು ಗಮನಿಸುವುದು ಪೂರ್ತಿಯಾಗಿ ನಿರ್ವಾಹಕನ ಕೌಶಲ. ಆ ರಿಸ್ಕ್ ಅವನಿಗೆ ಕೊಟ್ಟರೆ ಫಲ ಸಿಗುತ್ತದೆ. ಮಲಪ್ರಭೆಯಲ್ಲಿ ನೀರಿದೆಯೇ, ಜನ ಹೆಚ್ಚಿನ ದರ ಒಪ್ಪುತ್ತಾರೆಯೇ, ಮುಂದಿನ ಚುನಾವಣೆಯಲ್ಲಿ ದರ ಇಳಿಯುತ್ತದೆಯೇ ಎಂಬುದು ಅವನ ಕೈಯಲ್ಲಿಲ್ಲ. ಅದನ್ನು ಅವನಿಗೆ ಕೊಡಲಿಲ್ಲ.

ಈ ಯಶಸ್ಸನ್ನು ದೊಡ್ಡದು ಮಾಡಿ ಹೇಳುವುದೂ ತಪ್ಪಾಗುತ್ತದೆ. ಅದು ತಲುಪಿದ್ದು ಆ ನಗರಗಳ ಜನಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗವನ್ನು. ಒಂದು ದಶಕ ಕಳೆದರೂ ಉಳಿದ ಬಹುತೇಕ ವಾರ್ಡುಗಳು ಕಾಯುತ್ತಲೇ ಇದ್ದವು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ವಾರ್ಡುಗಳ ಮನೆಗಳನ್ನು ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ, ಬಡ ಮನೆಗಳಲ್ಲಿ ರಕ್ತಭೇದಿ ಮತ್ತು ಒಟ್ಟಾರೆ ವಿಷಮಶೀತ ಜ್ವರ ಕಡಿಮೆಯಾಗಿದ್ದವು. ಸಣ್ಣ ಪ್ರದೇಶಕ್ಕೆ ಹೆಚ್ಚು ಹಣ, ಹೆಚ್ಚು ಗಮನ ಕೊಟ್ಟರೆ ಯಾರು ಮಾಡಿದರೂ ಚೆನ್ನಾಗಿ ಆಗುತ್ತದೆ ಎಂಬ ಟೀಕೆಯಲ್ಲೂ ಸತ್ಯವಿದೆ. ನಾನು ಇದರಿಂದ ತೆಗೆಯುವ ತೀರ್ಮಾನ ಸಣ್ಣದು: ಖಾಸಗಿಯವರಿಗೆ ಎಷ್ಟು ರಿಸ್ಕ್ ಕೊಟ್ಟೆವು ಎಂಬುದು ಹೆಮ್ಮೆಯ ವಿಷಯವಲ್ಲ. ಕಡಿಮೆ ಕೊಟ್ಟ ಧಾರವಾಡದಲ್ಲಿ ಕೊಟ್ಟಷ್ಟು ಅಲ್ಲೇ ಉಳಿಯಿತು, ಎಲ್ಲವನ್ನೂ ಕೊಟ್ಟೆವೆಂದ ದೆಹಲಿಯಲ್ಲಿ ಎಲ್ಲವೂ ತಿರುಗಿ ಬಂತು.

ಉಳಿದಿರುವ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ರದ್ದತಿ ಪರಿಹಾರದ ಕಲಮು ಇಲ್ಲದಿದ್ದರೆ ಯಾವ ಬ್ಯಾಂಕೂ ಸಾಲ ಕೊಡದು, ಸಾಲವಿಲ್ಲದೆ ಯಾವ ಕಂಪನಿಯೂ ಬಿಡ್ ಮಾಡದು. ಮೆಟ್ರೊ ಮಾರ್ಗವನ್ನು ಕಿತ್ತು ಬೇರೆಡೆ ಮಾರಲಾಗುವುದಿಲ್ಲ, ಆಸ್ತಿ ಸರ್ಕಾರದ ಬಳಿಯೇ ಉಳಿಯುತ್ತದೆ, ಅದಕ್ಕೆ ಬೆಲೆ ಕೊಡುವುದು ನ್ಯಾಯವೂ ಹೌದು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಒಪ್ಪಿದ ಮೇಲೆ ಅದರ ಪರಿಣಾಮವನ್ನೂ ಒಪ್ಪಬೇಕು. ಸಾಲದ ಶೇ 80 ಅಥವಾ 95ರಷ್ಟಕ್ಕೆ ಸರ್ಕಾರ ಹೊಣೆಯಾದ ಮೇಲೆ ಅಷ್ಟು ಭಾಗ ಸರ್ಕಾರದ ಸಾಲವೇ. 'ಬೊಕ್ಕಸಕ್ಕೆ ಹೊರೆಯಿಲ್ಲ' ಎಂದು ಹೇಳುವ ಹಕ್ಕು ಆಗ ಉಳಿಯುವುದಿಲ್ಲ. ಆ ಮೊತ್ತವನ್ನು ಪಾಲಿಕೆಯ ಅಥವಾ ನಿಗಮದ ಲೆಕ್ಕದಲ್ಲಿ ಸಹಿ ಹಾಕಿದ ವರ್ಷವೇ ಕಾಣಿಸಬೇಕು. ಕಾಣಿಸಿದರೆ ಅನೇಕ ಯೋಜನೆಗಳ ಆಕರ್ಷಣೆ ಅಲ್ಲೇ ಕರಗುತ್ತದೆ, ಏಕೆಂದರೆ ಅವುಗಳನ್ನು ಸಹಭಾಗಿತ್ವದಲ್ಲಿ ಮಾಡಲು ಇದ್ದ ಅಸಲು ಕಾರಣ ಸಾಲವನ್ನು ಲೆಕ್ಕದ ಹೊರಗಿಡುವುದೇ ಆಗಿತ್ತು. ಉಳಿಯುವ ಯೋಜನೆಗಳು ಕಡಿಮೆ ಇದ್ದಾವು, ಆದರೆ ಅವುಗಳಲ್ಲಿ ಖಾಸಗಿಯವರನ್ನು ಕರೆಯಲು ನಿಜವಾದ ಕಾರಣವಿರುತ್ತದೆ.

ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯನ್ನು ಖಾಸಗಿ ಸಹಭಾಗಿತ್ವದಲ್ಲಿ ಮಾಡುವ ಪ್ರಸ್ತಾವ ಬಂದಾಗ ಚರ್ಚೆ ನಡೆದದ್ದು ಬಹುಮಟ್ಟಿಗೆ ಮರ, ಕೆರೆ, ಟೋಲ್ ದರ, ಸಂಚಾರದ ಬಗ್ಗೆ. ಅವೆಲ್ಲ ಬೇಕಾದ ಚರ್ಚೆಗಳೇ. ಆದರೆ ವಾಹನಗಳು ಅಂದಾಜಿನಷ್ಟು ಬರದಿದ್ದರೆ, ಸುರಂಗ ಕೊರೆಯುವಾಗ ನೆಲ ಎದುರಾಡಿದರೆ, ಕಂಪನಿ ಐದನೇ ವರ್ಷಕ್ಕೆ ಕೈಯೆತ್ತಿದರೆ ನಗರ ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಸಿಗಬೇಕಾದ ಗಮನ ಸಿಗಲಿಲ್ಲ. ನಮ್ಮ ಊರಿನ ನೀರು, ಕಸ, ಬಸ್ ನಿಲ್ದಾಣದ ಒಪ್ಪಂದಗಳ ವಿಷಯದಲ್ಲೂ ಇದೇ ಆಗುತ್ತಿದೆ. ಪಾಲಿಕೆ ಸದಸ್ಯರಲ್ಲಿ, ಪತ್ರಕರ್ತರಲ್ಲಿ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವ ನಾಗರಿಕರಲ್ಲಿ ನನ್ನ ವಿನಂತಿ ಇಷ್ಟು: ಒಪ್ಪಂದದ ಪ್ರತಿ ಸಹಿಗೆ ಮೊದಲೇ ಕೇಳಿ ಪಡೆಯಿರಿ. ಮೊದಲು ರದ್ದತಿಯ ಅಧ್ಯಾಯವನ್ನು ತೆರೆಯಿರಿ. ತಪ್ಪು ಕಂಪನಿಯದಾದರೆ ನಾವು ಎಷ್ಟು ಕೊಡಬೇಕು, ನಮ್ಮದಾದರೆ ಎಷ್ಟು, ಬ್ಯಾಂಕಿಗೆ ಎಷ್ಟು ನಷ್ಟ, ಮಾಲೀಕರು ಸ್ವಂತ ಹಣ ಎಷ್ಟು ಹಾಕಿದ್ದಾರೆ, ಅವರೇ ಗುತ್ತಿಗೆದಾರರೂ ಹೌದೇ ಎಂಬ ಐದು ಪ್ರಶ್ನೆಗಳಿಗೆ ರೂಪಾಯಿ ಲೆಕ್ಕದಲ್ಲಿ, ಬರಹದಲ್ಲಿ ಉತ್ತರ ಕೇಳಿ. ಉತ್ತರ ಬರುವವರೆಗೆ ಅನುಮೋದನೆಗೆ ಕೈ ಎತ್ತಬೇಡಿ.